ಒಂದೇ ಕಥೆಯಲ್ಲಿ ಹೆಸರು ಬದಲಿಸಬೇಕಿತ್ತು, ಇಡೀ ಕಡತದಲ್ಲಿ ಬದಲಾಗಿದೆ (ವಿಎಸ್ ಕೋಡ್)

ಮಲೆನಾಡ ಓದುಗ
ನಮಸ್ಕಾರ. ನಾವು ಕೆಲವು ಗೆಳೆಯರು ಸೇರಿ 9 ಕಥೆಗಳ ಒಂದು ಇ-ಪುಸ್ತಕ ಸಿದ್ಧ ಮಾಡುತ್ತಿದ್ದೇವೆ. ಎಲ್ಲವೂ ಒಂದೇ `.md` ಕಡತದಲ್ಲಿವೆ. ಮೊದಲನೇ ಕಥೆಯ ನಾಯಕನೂ ರವಿ, ಮೂರನೇ ಕಥೆಯ ಹುಡುಗನೂ ರವಿ. ಓದುಗರಿಗೆ ಗೊಂದಲ ಆಗಬಾರದು ಅಂತ ಮೂರನೇ ಕಥೆಯವನನ್ನು ಹರಿ ಮಾಡೋಣ ಅಂದುಕೊಂಡೆವು. ತಂಡದ ಒಬ್ಬರು ಇಡೀ ಕಡತಕ್ಕೆ `Replace All` ಕೊಟ್ಟು, ಸೇವ್ ಮಾಡಿ ಕಳಿಸಿದ್ದಾರೆ. ಈಗ ಮೊದಲನೇ ಕಥೆಯಲ್ಲೂ ಹರಿ. ಏಳನೇ ಕಥೆಯ ಅರವಿಂದ ಮೇಷ್ಟ್ರು "ಅಹರಿಂದ ಮೇಷ್ಟ್ರು" ಆಗಿದ್ದಾರೆ. ಐದನೇ ಕಥೆಯಲ್ಲಿ ಅಜ್ಜಿ "ಹರಿಕೆ" ಹೊಲಿಸಿಕೊಳ್ಳುತ್ತಾರೆ! ಹಿಂದಕ್ಕೆ ತರುವುದು ಹೇಗೆ? ಮುಂದೆ ಒಂದು ಕಥೆಗೆ ಮಾತ್ರ ಬದಲಿಸುವುದು ಹೇಗೆ?

ಶ್ರೀ ಧಾರವಾಡ
ಸರ್, ಸುಲಭ. ಹರಿ ಹುಡುಕಿ ರವಿ ಅಂತ ಹಾಕಿ, `Replace All` ಕೊಡಿ. ಎಲ್ಲ ಮೊದಲಿನಂತೆ ಆಗುತ್ತೆ. ಆಮೇಲೆ ಹುಡುಕುವಾಗ `Match Whole Word` ಒತ್ತಿಕೊಳ್ಳಿ. ಅರವಿಂದ, ರವಿಕೆ ಯಾವುದೂ ಸಿಗಲ್ಲ.

ಕೀಲಿಮಣೆ
ದಯವಿಟ್ಟು ಹಾಗೆ ಮಾಡಬೇಡಿ. ಬದಲಿಸಿದ ಹರಿ ಯಾವುದು, ಮೊದಲೇ ಇದ್ದ ಹರಿ ಯಾವುದು ಅಂತ ಕಡತಕ್ಕೆ ಗೊತ್ತಿಲ್ಲ. ಕಥೆಗಳಲ್ಲಿ ಹೊಳೆ ಹರಿಯುತ್ತದೆ, ಅಂಗಿ ಹರಿದಿರುತ್ತದೆ, ಜಗಳ ಪರಿಹರಿಸುತ್ತಾರೆ. ತಿರುಗಿಸಿ ಬದಲಿಸಿದರೆ ಹೊಳೆ "ರವಿಯುತ್ತದೆ", ಜಗಳ "ಪರಿರವಿಸುತ್ತಾರೆ". ಈಗ ಇರುವ ತಪ್ಪಿನ ಮೇಲೆ ಇನ್ನೊಂದು ಪದರ ಸೇರುತ್ತದೆ. ಇಡೀ ಕಡತಕ್ಕೆ ಬದಲಿಸುವುದು ಅಪಾಯ ಅನ್ನುವುದು ಇದಕ್ಕೇ. ಹಳೇ ಪದ, ಹೊಸ ಪದ ಒಮ್ಮೆ ಬೆರೆತರೆ ಬೇರ್ಪಡಿಸಲು ಗುರುತೇ ಉಳಿಯುವುದಿಲ್ಲ. ಒಂದು ಕಥೆಯೊಳಗೆ ಮಾತ್ರ ಬದಲಿಸಿದ್ದರೆ ಪರಿಶೀಲಿಸಬೇಕಾದ್ದೂ ಅಷ್ಟೇ ಪುಟ ಇರುತ್ತಿತ್ತು.

`Match Whole Word` ವಿಚಾರದಲ್ಲಿ ಶ್ರೀ ಅವರು ಹೇಳಿದ್ದು ಅರ್ಧ ಸರಿ. ಅರವಿಂದ, ರವಿಕೆ ತಪ್ಪಿಸಿಕೊಳ್ಳುತ್ತವೆ ನಿಜ. ಆದರೆ ರವಿಗೆ, ರವಿಯ, ರವಿಯನ್ನು, ರವಿಯೂ ಕೂಡ ಸಿಗುವುದಿಲ್ಲ. ನಮ್ಮ ಭಾಷೆಯಲ್ಲಿ ಹೆಸರು ಬರಿದಾಗಿ ಬರುವುದೇ ಕಡಿಮೆ, ಅಲ್ವಾ?

ಮೊದಲು `Timeline` ನೋಡಿ. ವಿಎಸ್ ಕೋಡ್ 1.66ರಿಂದ, ಅಂದರೆ 2022ರಿಂದ, ಪ್ರತಿ ಸೇವ್‌ಗೂ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಎಡಗಡೆ `Explorer`ನ ಕೆಳಗೆ ಇರುತ್ತದೆ. ಅದು ಬದಲಿಸಿದವರ ಕಂಪ್ಯೂಟರ್‌ನಲ್ಲೇ ಇರುವುದು, ಕಡತದ ಜೊತೆ ನಿಮಗೆ ಬಂದಿರುವುದಿಲ್ಲ.

ಲೆಕ್ಕದ ಪುಸ್ತಕ
ನನಗೂ ಎಕ್ಸೆಲ್‌ನಲ್ಲಿ ಇದೇ ತೊಂದರೆ ಇದೆ. ಸೆಲ್ ಆಯ್ಕೆ ಮಾಡಿಯೇ `Ctrl+H` ಒತ್ತಿದರೂ ಇಡೀ ಹಾಳೆ ಬದಲಾಗುತ್ತದೆ. ಆಯ್ಕೆ ಮಾಡಿದರೆ ಸಾಕು ಅನ್ನುವುದು ಸುಳ್ಳು.

ಕೀಲಿಮಣೆ
ನಿಮ್ಮದು ಬೇರೆ ವಿಷಯ ಮೇಡಂ. ಎಕ್ಸೆಲ್‌ನಲ್ಲಿ ಒಂದೇ ಸೆಲ್ ಆಯ್ಕೆ ಆಗಿದ್ದರೆ ಅದು ಇಡೀ ಹಾಳೆ ಅಂತಲೇ ತಿಳಿದುಕೊಳ್ಳುತ್ತದೆ. ಎರಡು ಸೆಲ್ ಅಥವಾ ಜಾಸ್ತಿ ಆಯ್ಕೆ ಮಾಡಿ ನೋಡಿ, ಅಷ್ಟರೊಳಗೇ ನಿಲ್ಲುತ್ತದೆ. ಇನ್ನೊಂದು, ವರ್ಡ್ ಆಯ್ದ ಭಾಗ ಮುಗಿಸಿದ ಮೇಲೆ ಉಳಿದ ಭಾಗವನ್ನೂ ಹುಡುಕಲಾ ಅಂತ ಕೇಳುತ್ತದೆ. ಅಲ್ಲಿ ಅವಸರದಲ್ಲಿ `Yes` ಒತ್ತಬಾರದು.

ಮಲೆನಾಡ ಓದುಗ
ಗೆಳೆಯರ ಕಂಪ್ಯೂಟರ್‌ನಲ್ಲಿ `Timeline` ಖಾಲಿ ಇದೆ. ಬೇರೆ ಚಿಕ್ಕ ಕಡತಗಳಿಗೆ ಹಳೇ ಪ್ರತಿ ಇವೆ, ಇದಕ್ಕೆ ಒಂದೂ ಇಲ್ಲ. ಕಡತ 410 ಕೆಬಿ ಇದೆ. ಮೇಲ್‌ನಲ್ಲಿ ಹೋದ ವಾರದ ಪ್ರತಿ ಸಿಕ್ಕಿದೆ. ಆದರೆ ಆಮೇಲೆ ಮೂರನೇ ಮತ್ತು ಐದನೇ ಕಥೆಯಲ್ಲಿ ಕಾಗುಣಿತ ತಿದ್ದಿದ್ದೇವೆ.

ಕೀಲಿಮಣೆ
ಕಾರಣ ಆ 410 ಕೆಬಿಯೇ. 256 ಕೆಬಿ ಮೀರಿದ ಕಡತಕ್ಕೆ ಅದು ಪ್ರತಿ ಇಡುವುದಿಲ್ಲ. ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು, ಗುಣಿತದ ಚಿಹ್ನೆಗೂ ಬೇರೆಯಾಗಿ 3. ಹಾಗಾಗಿ ನಮ್ಮ ಕಡತಗಳು ಬೇಗ ಆ ಮಿತಿ ದಾಟುತ್ತವೆ. `workbench.localHistory.maxFileSize` ಅನ್ನು 2048ಕ್ಕೆ ಏರಿಸಿಕೊಳ್ಳಿ, ಮುಂದಕ್ಕಾದರೂ ಆಗುತ್ತದೆ.

ಈಗ ಮೇಲ್‌ನ ಪ್ರತಿಯನ್ನು ತೆಗೆಯಿರಿ. ಹೊಸದಾಗಿ ತಿದ್ದಿದ್ದು ಮೂರು ಮತ್ತು ಐದು ಮಾತ್ರ ಅಂದರೆ, ಉಳಿದ ಏಳು ಕಥೆಗಳನ್ನು ಅಲ್ಲಿಂದಲೇ ತಂದು ಹಾಕಿ. ಮೂರನೆಯದರಲ್ಲಿ ಹರಿ ಬೇಕೇ ಇದೆ, ಅದು ಈಗಿನದೇ ಇರಲಿ. ಆದರೆ ಅಲ್ಲೂ ಒಂದು ಸಲ ಹರಿ ಹುಡುಕಿ "ಹರಿಕೆ", "ಹರಿವಾರ" ಆಗಿದೆಯಾ ನೋಡಿ. ಐದನೆಯದಕ್ಕೆ ಮಾತ್ರ ಕೈಕೆಲಸ.

ಮೊದಲು `Ctrl+H` ಒತ್ತಿ, ಹುಡುಕಬೇಕಾದ್ದು ಹರಿ, ಹಾಕಬೇಕಾದ್ದು ರವಿ ಅಂತ ಬರೆಯಿರಿ. ಆಮೇಲೆ ಐದನೇ ಕಥೆಯ ತಲೆಬರಹದ ಮುಂದೆ ಕ್ಲಿಕ್ ಮಾಡಿ. ಕಥೆಯ ಕೊನೆಗೆ ಸರಿದು ಹೋಗಿ `Shift` ಹಿಡಿದು ಕ್ಲಿಕ್ ಮಾಡಿ. ಎಳೆದುಕೊಂಡು ಹೋಗುವುದಕ್ಕಿಂತ ಇದು ಗಟ್ಟಿ. ಇಷ್ಟಕ್ಕೇ ಹುಡುಕಾಟ ಆಯ್ದ ಭಾಗಕ್ಕೆ ಸೀಮಿತ ಆಗಿಲ್ಲ! ಹುಡುಕುವ ಪೆಟ್ಟಿಗೆಯ ಬಲಕ್ಕೆ ಮೂರು ಗೆರೆಯ ಚಿಕ್ಕ ಗುಂಡಿ ಇದೆ, `Find in Selection`. ವಿಂಡೋಸ್‌ನಲ್ಲಿ `Alt+L`. ಅದನ್ನು ಒತ್ತಿದಾಗ ಪಕ್ಕದಲ್ಲಿ ಕಾಣುವ ಒಟ್ಟು ಸಂಖ್ಯೆ ಇಳಿಯಬೇಕು. ಒತ್ತುವ ಮುಂಚೆ 126 ಇದ್ದು ಆಮೇಲೆ 17 ಆದರೆ ಬೇಲಿ ಬಿದ್ದಿದೆ ಅಂತ ಅರ್ಥ. 126 ಆಗಿಯೇ ಉಳಿದರೆ ಏನನ್ನೂ ಬದಲಿಸಬೇಡಿ. ಹುಡುಕುವ ಪೆಟ್ಟಿಗೆ ಮುಚ್ಚಿದರೂ ಆ ಮಿತಿ ಹೋಗುತ್ತದೆ, ಮತ್ತೆ ಆಯ್ಕೆ ಮಾಡಬೇಕು.

ಐದನೇ ಕಥೆಯಲ್ಲಿ `Replace All` ಬೇಡ. ಅಲ್ಲಿ ನಿಜವಾದ "ಹರಿದ ಸೀರೆ" ಕೂಡ ಇರಬಹುದು. ಹುಡುಕುವ ಪೆಟ್ಟಿಗೆಯಲ್ಲಿ `Enter` ಒತ್ತುತ್ತಾ ಒಂದೊಂದೇ ನೋಡಿ, ಬೇಕಾದ್ದನ್ನು ಮಾತ್ರ ಬದಲಿಸಿ.

ಮುಂದೆ ಹೆಸರು ಬದಲಿಸುವಾಗ `.*` ಗುಂಡಿ ಒತ್ತಿ ಹೀಗೆ ಹುಡುಕಿ:

```
(?<![\u0C80-\u0CFF])ರವಿ(?!ಕೆ|ವಾರ)
```

ಹಿಂದೆ ಕನ್ನಡ ಅಕ್ಷರ ಇದ್ದರೆ ಬಿಟ್ಟುಬಿಡುತ್ತದೆ, ಹಾಗಾಗಿ ಅರವಿಂದ ಉಳಿಯುತ್ತಾರೆ. ರವಿಕೆ, ರವಿವಾರ ಕೂಡ ಉಳಿಯುತ್ತವೆ. ರವಿಗೆ, ರವಿಯ ಸಿಗುತ್ತವೆ. ಸುಮ್ನೆ `\bರವಿ` ಹಾಕಿದರೆ ಬೇಕಾದ್ದು ಸಿಗುವುದಿಲ್ಲ, ಏಕೆಂದರೆ ಇಲ್ಲಿನ `\b` ಇಂಗ್ಲಿಷ್ ಅಕ್ಷರ, ಅಂಕಿಗಳನ್ನಷ್ಟೇ ಪದದ ಭಾಗ ಅಂತ ಎಣಿಸುತ್ತದೆ.

ವಿಮ್ ಗೆಳೆಯ
ವಿಮ್ ಬಳಸುವವರಿಗೆ ಒಂದು ಮಾತು. `v` ಒತ್ತಿ ಆಯ್ಕೆ ಮಾಡಿ `:` ಒತ್ತಿದರೆ ತಾನಾಗಿಯೇ `'<,'>` ಬರುತ್ತದೆ. ಆದರೆ ಅದು ಸಾಲುಗಳ ಲೆಕ್ಕ. ಅರ್ಧ ಸಾಲು ಆಯ್ಕೆ ಮಾಡಿದ್ದರೂ ಪೂರ್ತಿ ಸಾಲಿನಲ್ಲಿ ಬದಲಾಗುತ್ತದೆ. ಕಥೆಗಳಲ್ಲಿ ಒಂದು ಪ್ಯಾರಾ ಅಂದರೆ ಒಂದೇ ಉದ್ದ ಸಾಲು, ಆದ್ದರಿಂದ ಪೂರ್ತಿ ಪ್ಯಾರಾ ಹೋಗುತ್ತದೆ. ಆಯ್ದಷ್ಟಕ್ಕೇ ನಿಲ್ಲಿಸಲು `\%V` ಬೇಕು:

```
:'<,'>s/\%Vರವಿ/ಹರಿ/gc
```

ಕೊನೆಯ `c` ಪ್ರತಿ ಸಲ ಕೇಳುತ್ತದೆ. ಇದೆಲ್ಲ ಬೇಡ ಅಂದರೆ ಒಂದೊಂದು ಕಥೆಗೂ ಬೇರೆ ಕಡತ ಮಾಡಿ, ಕೊನೆಗೆ ಜೋಡಿಸಿ. ನನ್ನ ಪ್ರಕಾರ ಅದೇ ಸರಿ.

ಕೀಲಿಮಣೆ
ಬೇರೆ ಕಡತ ಒಳ್ಳೆಯದೇ. ಆದರೆ ಪುಸ್ತಕದಾದ್ಯಂತ ಒಂದೇ ಕಾಗುಣಿತ ಇಡುವಾಗ ಒಟ್ಟಿಗೆ ಇದ್ದರೆ ಅನುಕೂಲ. ನಾನು ಒಂದೇ ಕಡತದ ಪರ.

ಮಲೆನಾಡ ಓದುಗ
ಏಳು ಕಥೆ ಹಳೇ ಪ್ರತಿಯಿಂದ ಬಂದವು. ಐದನೆಯದರಲ್ಲಿ `Alt+L` ಒತ್ತಿದಾಗ 11 ಸಿಕ್ಕಿತು. ಅದರಲ್ಲಿ ನಾಲ್ಕು ನಿಜವಾಗಿ "ಹರಿ" ಇರುವ ಪದಗಳೇ, "ಹರಿದ ಚಾಪೆ" ಥರ. ಬಿಟ್ಟೆವು. ಉಳಿದ ಏಳು ಸರಿಪಡಿಸಿದೆವು, ಅಜ್ಜಿಗೆ ರವಿಕೆ ಸಿಕ್ಕಿತು. ತುಂಬಾ ಧನ್ಯವಾದ ಎಲ್ಲರಿಗೂ.

ಒಂದು ತೊಡಕು ಉಳಿದಿದೆ. ಮೂರನೇ ಕಥೆಯ ನಡುವೆ ಆ ಹುಡುಗ ಒಂದು ಪತ್ರ ಓದುತ್ತಾನೆ. ಅದರಲ್ಲಿ ಬರುವ ರವಿ ಮೊದಲನೇ ಕಥೆಯ ರವಿ ಇರಬಹುದು ಅಂತ ಒಬ್ಬರ ವಾದ. ಅಲ್ಲಿ ಎರಡು ಕಡೆ ಹೆಸರಿದೆ. ಲೇಖಕರನ್ನು ಕೇಳಿದ್ದೇವೆ, ಇನ್ನೂ ಉತ್ತರ ಬಂದಿಲ್ಲ.