ಗಡಿಯಾರದ ಎರಡು ಮುಳ್ಳು ಒಂದರ ಮೇಲೊಂದು ಬರೋ ಟೈಮ್: ಪ್ರೋಗ್ರಾಂ 12:00 ಮತ್ತು 9:49 ಮಾತ್ರ ಕೊಡ್ತಿದೆ

ರಚನಾ_ಕೋಡ್
ಎಲ್ರಿಗೂ ನಮಸ್ಕಾರ. ಸ್ಕ್ರೀನ್ ಮೇಲೆ ಒಂದು ಗಡಿಯಾರ ಬರೆದಿದೀನಿ, ಸೆಕೆಂಡಿಗೊಮ್ಮೆ ಓಡತ್ತೆ, ಚಿಕ್ಕ ಮುಳ್ಳು ದೊಡ್ಡ ಮುಳ್ಳು ಕೂಡಿದಾಗ ಬಣ್ಣ ಬದಲಾಗ್ಬೇಕು. ಮೊದ್ಲು ಆ ಟೈಮ್‌ಗಳ ಪಟ್ಟಿ ತೆಗೆಯೋಣ ಅಂತ ಇದನ್ನ ಬರೆದೆ:

```
for h in range(12):
    for m in range(60):
        if h*30 + m//2 == m*6:
            print(h, m)
```

ಬರೋದು `0 0` ಮತ್ತು `9 49` ಎರಡೇ. 9:49 ಮಾತ್ರ ಯಾಕೆ ಬಂತು, 1:05, 2:10 ಎಲ್ಲ ಎಲ್ಲಿ ಹೋದ್ವು? ಕೋನದ ಲೆಕ್ಕ ಮತ್ತೆ ಮತ್ತೆ ನೋಡಿದೆ, ಸರಿ ಇದೆ ಅನ್ಸತ್ತೆ.

ಕಿರಣ್77
`==` ಇಟ್ರೆ ಸಿಗಲ್ಲ ಮೇಡಂ, ಸ್ವಲ್ಪ ಸಡಿಲ ಬಿಡ್ಬೇಕು. ವ್ಯತ್ಯಾಸ 3 ಡಿಗ್ರಿ ಒಳಗಿದ್ರೆ ಕೂಡಿದೆ ಅಂತ ತಗೊಳ್ಳಿ, `abs(h*30 + m/2 - m*6) <= 3`. ಗಂಟೆಗೊಂದ್ಸಲ ಕೂಡತ್ತೆ ಅಲ್ವಾ, ಹಾಗಾಗಿ 12 ಉತ್ತರ ಬರ್ಬೇಕು.

ರಚನಾ_ಕೋಡ್
ಹಾಕಿ ನೋಡಿದೆ ಸರ್, 13 ಬಂತು. 1:05, 1:06 ಎರಡೂ ಇದೆ, 10:54, 10:55 ಎರಡೂ ಇದೆ. 11ರ ಗಂಟೆಯಲ್ಲಿ ಒಂದೂ ಇಲ್ಲ. ಇನ್ನೊಂದು ವಿಷ್ಯ, ಹಳೇ ಕೋಡಲ್ಲಿ `//` ತೆಗೆದು `/` ಹಾಕಿದ್ರೆ 9:49 ಕೂಡ ಹೋಗತ್ತೆ, 0:00 ಮಾತ್ರ ಉಳಿಯತ್ತೆ. ಸೆಕೆಂಡ್ ಲೆಕ್ಕಕ್ಕೆ ಲೂಪ್ ತಿರುಗಿಸಿದ್ರೂ ಅದೇ ಒಂದು 0:00.

ಹಳೇಮೇಷ್ಟ್ರು
ಆ 9:49 ಇಂದಾನೇ ಶುರು ಮಾಡೋಣಮ್ಮ, ಅದ್ರಲ್ಲೇ ವಿಷಯ ಇದೆ. 9:49ಕ್ಕೆ ದೊಡ್ಡ ಮುಳ್ಳು 49 × 6 ಅಂದ್ರೆ 294 ಡಿಗ್ರಿಲಿ ಇರತ್ತೆ, ಚಿಕ್ಕದು 270ಕ್ಕೆ 24.5 ಸೇರಿಸಿ 294.5. ಇನ್ನೂ ಅರ್ಧ ಡಿಗ್ರಿ ಬಾಕಿ ಇದೆ, ಕೂಡಿಲ್ಲ. ನಿಮ್ಮ `//` ಆ ಅರ್ಧವನ್ನ ಕಿತ್ತು ಹಾಕ್ತು, ಎರಡೂ 294 ಆಯ್ತು, ಸಮ ಅಂತ ಬಂದ್ಬಿಡ್ತು. ನಿಜವಾಗಿ ಕೂಡೋದು 9:49 ಆಗಿ 5 ಸೆಕೆಂಡ್ ಚಿಲ್ಲರೆಗೆ, ಅಷ್ಟು ಹತ್ರ ಇದ್ದಿದ್ದಕ್ಕೇ ಅದೊಂದು ತಪ್ಪಿ ಒಳಗೆ ಬಂದಿದೆ.

ಈಗ ಸೆಕೆಂಡಿಗೆ ಇಳಿದ್ರೂ ಯಾಕೆ ಸಿಗಲ್ಲ ಅನ್ನೋದು. ದೊಡ್ಡ ಮುಳ್ಳು ನಿಮಿಷಕ್ಕೆ 6 ಡಿಗ್ರಿ ಹೋಗತ್ತೆ, ಚಿಕ್ಕದು ಅರ್ಧ ಡಿಗ್ರಿ, ಅಂದ್ರೆ ನಿಮಿಷಕ್ಕೆ 5.5 ಡಿಗ್ರಿ ಮುಂದೆ ಹೋಗ್ತಾ ಇರತ್ತೆ, ಒಂದ್ಸಲ ಕೂಡಿದ್ಮೇಲೆ ಮತ್ತೆ ಹಿಂದಿನಿಂದ ಬಂದು ಹಿಡಿಬೇಕು ಅಂದ್ರೆ ಪೂರ್ತಿ 360 ಡಿಗ್ರಿ ಜಾಸ್ತಿ ಓಡ್ಬೇಕು. 360ನ್ನ 5.5ರಿಂದ ಭಾಗಿಸಿದ್ರೆ 720/11 ನಿಮಿಷ, 65 ನಿಮಿಷ 27 ಸೆಕೆಂಡ್ ಮೇಲೆ ಸೆಕೆಂಡಿನ 3/11 ಭಾಗ. ಆ 11 ಇದ್ಯಲ್ಲ, ಅದು 60ನ್ನಾಗ್ಲಿ 1000ನ್ನಾಗ್ಲಿ ಭಾಗಿಸಲ್ಲ. ಹಾಗಾಗಿ ನಿಮಿಷ, ಸೆಕೆಂಡ್, ಮಿಲಿಸೆಕೆಂಡ್ ಎಷ್ಟು ಸಣ್ಣಗೆ ಹೆಜ್ಜೆ ಇಟ್ರೂ ಸರಿಯಾಗಿ ಆ ಕ್ಷಣದ ಮೇಲೆ ಕಾಲು ಬೀಳಲ್ಲ, 12 ಗಂಟೆ ಒಂದು ಬಿಟ್ಟು. ಹುಡುಕೋ ಬದ್ಲು ನೇರ ಲೆಕ್ಕ ಹಾಕ್ಬಿಡಿ. 12 ಗಂಟೆಗೆ 43200 ಸೆಕೆಂಡ್, ಅದನ್ನ 11 ಸಮ ಪಾಲು ಮಾಡಿ:

```
for k in range(11):
    t = k * 43200 // 11
    print(t//3600, t%3600//60, t%60)
```

1:05:27, 2:10:54, 3:16:21, 4:21:49, 5:27:16, 6:32:43 ಹೀಗೆ ಬರತ್ತೆ.

ಕಿರಣ್77
ಸರ್, 11 ಯಾಕೆ, 12 ಯಾಕಲ್ಲ? 11:55ರ ಹತ್ರ ಒಂದ್ಸಲ ಕೂಡ್ಬೇಕಲ್ವಾ?

ಹಳೇಮೇಷ್ಟ್ರು
11:55ಕ್ಕೆ ಚಿಕ್ಕ ಮುಳ್ಳು 11ರ ಮೇಲೆ ಇರಲ್ಲ ಕಿರಣ್, ಆಗ್ಲೇ 12ರ ಹತ್ರ ಹೋಗಿರತ್ತೆ. 11:00ಕ್ಕೆ ನೋಡಿ, ಚಿಕ್ಕದು 330 ಡಿಗ್ರಿ ಮುಂದಿದೆ, ನಿಮಿಷಕ್ಕೆ 5.5 ಅಂತ ಕಮ್ಮಿ ಆಗ್ತಾ ಬಂದ್ರೆ ಸರಿಯಾಗಿ 60 ನಿಮಿಷ ಬೇಕು, ಹಿಡಿಯೋದು 12:00ಕ್ಕೇ. 12 ಗಂಟೆಲಿ ದೊಡ್ಡದು 12 ಸುತ್ತು ಹಾಕತ್ತೆ, ಚಿಕ್ಕದು 1, ಹೆಚ್ಚಾಗಿ ಸುತ್ತಿದ್ದು 11, ಅಷ್ಟೇ ಸಲ ಕೂಡತ್ತೆ. ದಿನಕ್ಕೆ 22.

ನಿಮ್ಮ 3 ಡಿಗ್ರಿ ಉಪಾಯ ಪೂರ್ತಿ ತಪ್ಪಲ್ಲ. 1:05ಕ್ಕೆ ದೊಡ್ಡದು 2.5 ಡಿಗ್ರಿ ಹಿಂದಿದೆ, 1:06ಕ್ಕೆ ಸರಿಯಾಗಿ 3 ಮುಂದಿದೆ, `<=` ಇದ್ದಿದ್ದಕ್ಕೆ ಎರಡೂ ಒಳಗೆ ಬಂದ್ವು. 10:54, 10:55ರದ್ದೂ ಇದೇ ಕಥೆ, ಅಲ್ಲಿ ಹಿಂದೆ 3, ಮುಂದೆ 2.5. ಬರೀ `<` ಇಟ್ರೆ 11 ಬರತ್ತೆ. ಆದ್ರೆ ಸಿಗೋದು ಹತ್ತಿರದ ನಿಮಿಷ ಮಾತ್ರ, 2:10:54 ಅನ್ನೋದು 2:11 ಅಂತ ಬರತ್ತೆ.

ಅನು_ಎಂ
ಇದೇ ತರ ಎಕ್ಸಾಮಲ್ಲಿ ಬಂದಿತ್ತು, ಉತ್ತರ 44 ಅಂತ ಇತ್ತು. 22 ತಪ್ಪಲ್ವಾ?

ಹಳೇಮೇಷ್ಟ್ರು
44 ಬರೋದು ಮುಳ್ಳುಗಳು 90 ಡಿಗ್ರಿಲಿ ಎಷ್ಟು ಸಲ ನಿಲ್ಲತ್ತೆ ಅಂತ ಕೇಳಿದ್ರೆ. ಒಂದು ಸುತ್ತಲ್ಲಿ ಹಿಂದೊಂದ್ಸಲ ಮುಂದೊಂದ್ಸಲ ಆಗತ್ತಲ್ಲ, ಅದಕ್ಕೆ ಎರಡರಷ್ಟು. ಪ್ರಶ್ನೆ ಮತ್ತೊಮ್ಮೆ ಓದಿ ನೋಡಿ.

ರಚನಾ_ಕೋಡ್
ಪಟ್ಟಿ ಸರಿಯಾಗಿ ಬಂತು ಸರ್, ಥ್ಯಾಂಕ್ಸ್. ಆದ್ರೆ ಓಡೋ ಗಡಿಯಾರದಲ್ಲಿ ಪಟ್ಟಿಗೆ ಹೋಲಿಸ್ತಾ ಇದ್ದೆ, ಕೆಲವು ಸಲ ಬ್ರೌಸರ್ ನಿಧಾನ ಆಗಿ ಒಂದು ಸೆಕೆಂಡ್ ಹಾರಿ ಹೋಗತ್ತೆ, ಅದೇ ಸೆಕೆಂಡ್ ಪಟ್ಟಿಲಿರೋದಾದ್ರೆ ಬಣ್ಣಾನೇ ಬದಲಾಗಲ್ಲ.

ಹಳೇಮೇಷ್ಟ್ರು
ಹಾಗಿದ್ರೆ ಕೂಡ್ತಾ ಅಂತ ಕೇಳ್ಬೇಡಿ, ದಾಟ್ತಾ ಅಂತ ಕೇಳಿ. 12 ಗಂಟೆಯಿಂದ ಆದ ಸೆಕೆಂಡ್ `t` ಆದ್ರೆ (0ರಿಂದ 43199ರವರೆಗೆ) ಪ್ರತಿ ಸಲ `11*t // 43200` ಲೆಕ್ಕ ಹಾಕಿ, ಹಿಂದಿನ ಸಲದ್ದಕ್ಕಿಂತ ಬೇರೆ ಬಂದ್ರೆ ದೊಡ್ಡ ಮುಳ್ಳು ಚಿಕ್ಕದನ್ನ ದಾಟಿದೆ ಅಂತ. ಎರಡು ಮೂರು ಸೆಕೆಂಡ್ ಹಾರಿದ್ರೂ ತಪ್ಪಿ ಹೋಗಲ್ಲ, 10ರಿಂದ 0 ಆದಾಗ 12:00. ಒಂದೇ ವ್ಯತ್ಯಾಸ, ಪಟ್ಟಿಲಿ 1:05:27 ಇರೋದು ಇಲ್ಲಿ 1:05:28ಕ್ಕೆ ಗೊತ್ತಾಗತ್ತೆ, ಯಾಕಂದ್ರೆ ಕೂಡೋದು 27 ಆದ್ಮೇಲೆ.

ಗೋಡೆಗಡಿಯಾರ
ನಂದು ಪ್ರೋಗ್ರಾಂ ಅಲ್ಲ, ಮನೇಲಿರೋ ನಿಜವಾದ ಗಡಿಯಾರ. ಮೇಷ್ಟ್ರ ಪಟ್ಟಿ ಇಟ್ಕೊಂಡು ಫೋನ್ ಟೈಮ್ ಜೊತೆ ನೋಡಿದೆ, ನಿಮಿಷದ ಮುಳ್ಳು ಫೋನಿಗೆ ಸರಿ ಇದೆ, ಆದ್ರೂ ಮುಳ್ಳುಗಳು ಕೂಡೋದು ಪಟ್ಟಿಗಿಂತ ಅರ್ಧ ನಿಮಿಷ ಲೇಟು. ಬ್ಯಾಟರಿ ವೀಕಾ?

ಹಳೇಮೇಷ್ಟ್ರು
ನಿಮಿಷದ ಮುಳ್ಳು ಸರಿ ಇದೆ ಅಂದ್ಮೇಲೆ ಬ್ಯಾಟರಿ ಅಲ್ಲ. ಚಿಕ್ಕ ಮುಳ್ಳು ಸುಮಾರು 3 ಡಿಗ್ರಿ ಮುಂದೆ ಕೂತಿರ್ಬೇಕು, 3ನ್ನ 5.5ರಿಂದ ಭಾಗಿಸಿದ್ರೆ ಅರ್ಧ ನಿಮಿಷದ ಮೇಲೆ ಸ್ವಲ್ಪ. ಹಾಗಿದ್ರೆ 11 ಸಲಾನೂ ಅಷ್ಟೇ ಲೇಟಾಗತ್ತೆ, ಎರಡರ ನಡುವಿನ 65 ನಿಮಿಷ 27 ಸೆಕೆಂಡ್ ಬದಲಾಗಲ್ಲ. ಆಗ 12:00ಕ್ಕೆ ತಂದು ಚಿಕ್ಕ ಮುಳ್ಳನ್ನ ಬಿಚ್ಚಿ ನೇರಕ್ಕೆ ಒತ್ತಿ ಕೂರಿಸಿದ್ರೆ ಸಾಕು.

ಗೋಡೆಗಡಿಯಾರ
ಎಲ್ಲ ಸಲ ಒಂದೇ ತರ ಇಲ್ಲ ಸರ್. 2:10, 3:16ರಲ್ಲಿ ಲೇಟು, 8:43, 9:49ರಲ್ಲಿ ಉಲ್ಟಾ, ಬೇಗಾನೇ ಕೂಡತ್ತೆ.

ಹಳೇಮೇಷ್ಟ್ರು
ಹಾಗಾದ್ರೆ ಬರೀ ಕೂರಿಸಿದ ತಪ್ಪಲ್ಲ. ಚಿಕ್ಕ ಮುಳ್ಳು ಸಡಿಲ ಇದೆಯೋ ಹಲ್ಲುಚಕ್ರದಲ್ಲಿ ಆಟ ಇದೆಯೋ ಇರ್ಬೇಕು, ಬಲಗಡೆ ಇಳಿಯುವಾಗ ತನ್ನ ಭಾರಕ್ಕೆ ಮುಂದೆ ಜಾರತ್ತೆ, ಎಡಗಡೆ ಹತ್ತುವಾಗ ಹಿಂದೆ ಬೀಳತ್ತೆ. ಆದ್ರೆ ಕೆಳಗೆ ನಿಂತು ನೋಡಿದ್ರೂ ಹೀಗೇ ಕಾಣ್ಬಹುದು, ಮುಳ್ಳುಗಳ ನಡುವೆ ಜಾಗ ಇರತ್ತಲ್ಲ. ಗಡಿಯಾರ ಗೋಡೆ ಮೇಲೇ ಇರ್ಲಿ, ಅದರ ಎತ್ತರಕ್ಕೆ ಕಣ್ಣು ತಂದು ನೇರ ಎದುರಿಂದ 3:16 ಮತ್ತು 9:49 ಎರಡನ್ನೂ ನೋಡಿ. ಆಗ್ಲೂ ವ್ಯತ್ಯಾಸ ಹಾಗೇ ಇದ್ರೆ ಎಷ್ಟು ಸೆಕೆಂಡ್ ಅಂತ ಇಲ್ಲಿ ಬರೀರಿ.