ಪದ ಬೇಕು: ಆರ್ಡರ್ ಫೋನಿನಲ್ಲೇ ಇದೆ, ಅಂಗಡಿಗೆ ಇನ್ನೂ ಮುಟ್ಟಿಲ್ಲ

ಶಿಲ್ಪಾ, ಸಿಂಧನೂರು

ಕಿರಾಣಿ ಸಾಮಾನು ಮನೆಗೆ ಮುಟ್ಟಿಸುವ ಅಂಗಡಿಯೊಂದರ ವೆಬ್ ಆ್ಯಪ್‌ಗೆ ನಾಳೆ ಸಂಜೆಯೊಳಗೆ ಕನ್ನಡ ಪಠ್ಯ ಕೊಡಬೇಕು. ಗಿರಾಕಿಗಳು ಹೆಚ್ಚಿನವರು ಸುತ್ತಲಿನ ಕ್ಯಾಂಪುಗಳವರು, ಅಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸಿಗ್ನಲ್ ಇಲ್ಲದಾಗ ಬಟನ್ ಒತ್ತಿದರೆ ಆರ್ಡರ್ ಫೋನಿನಲ್ಲೇ ಕೂತಿರುತ್ತದೆ, ಆಮೇಲೆ ಅಂಗಡಿಗೆ ಹೋಗುತ್ತದೆ. ಈ ನಡುವಿನ ಸ್ಥಿತಿಗೆ ಏನನ್ನೋಣ? 'ಬಾಕಿ' ಎಂದು ಹಾಕಿದ್ದರು. ಉದ್ರಿ ಬಾಕಿ ಇದೆ ಎಂದು ಓದಿಕೊಂಡ ಗಿರಾಕಿಗಳು ಅಂಗಡಿಗೆ ಫೋನ್ ಮಾಡಿ ಜಗಳಕ್ಕೆ ನಿಂತರು. 'ಸಲ್ಲಿಸಲಾಗಿದೆ' ಎಂದರೆ ಸುಳ್ಳಾಗುತ್ತದೆ. ಚಿಕ್ಕ ಪರದೆಯ ಒಂದೇ ಸಾಲಿನಲ್ಲಿ ಹಿಡಿಯುವಂಥದ್ದು ಬೇಕು.

ವೀರೇಶ, ಬಳ್ಳಾರಿ

'ಬಾಕಿ' ಅರಬ್ಬಿ ಮೂಲದ್ದು, ಹೋದದ್ದೇ ಒಳ್ಳೆಯದಾಯಿತು. 'ಆರ್ಡರ್' ಕೂಡ ಹೋಗಲಿ, 'ಬೇಡಿಕೆ' ಇದೆಯಲ್ಲ. 'ಬೇಡಿಕೆ ಸರತಿಯಲ್ಲಿದೆ' ಎಂದು ಹಾಕಿ. ಮುಗಿಯಿತು.

ಖಾಜಾ, ರಾಯಚೂರು

ಮುಗಿಯಲಿಲ್ಲ. ಸರತಿಯಲ್ಲಿದೆ ಎಂದರೆ ಅಂಗಡಿಗೆ ಮುಟ್ಟಿದೆ, ಮುಂದೆ ಇನ್ನೂ ನಾಲ್ಕು ಮಂದಿ ಇದ್ದಾರೆ ಎಂದಾಗುತ್ತದೆ. ಗಿರಾಕಿ ಅಕ್ಕಿ ಚೀಲಕ್ಕೆ ಕಾಯುತ್ತ ಕೂರುತ್ತಾನೆ, ಅಂಗಡಿಯವನಿಗೆ ಸುದ್ದಿಯೇ ಇರುವುದಿಲ್ಲ. ಆರ್ಡರ್ ಎಲ್ಲಿದೆ ಎಂದು ನೇರವಾಗಿ ಹೇಳಿ: 'ಫೋನಿನಲ್ಲಿದೆ, ಇನ್ನೂ ಹೋಗಿಲ್ಲ'.

ಅದರ ಕೆಳಗಿನ ಸಾಲು ಎಲ್ಲರಿಗೂ ಒಂದೇ ಇರಲು ಬರುವುದಿಲ್ಲ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಆ್ಯಪ್ ಮುಚ್ಚಿದ್ದರೂ ಸಿಗ್ನಲ್ ಬಂದಾಗ ಸರ್ವೀಸ್ ವರ್ಕರ್ ಎದ್ದು ಆರ್ಡರ್ ಕಳಿಸಬಲ್ಲದು. ಐಫೋನಿನ ಸಫಾರಿಯಲ್ಲಿ, ಫೈರ್‌ಫಾಕ್ಸ್‌ನಲ್ಲಿ ಈ ಸೌಲಭ್ಯ ಇಲ್ಲ. ಅಲ್ಲಿ ಗಿರಾಕಿ ಆ್ಯಪ್ ಮತ್ತೆ ತೆರೆದಾಗಲೇ ಕಳಿಸಬೇಕು. ಹಾಗಾಗಿ 'ತಾನೇ ಹೋಗುತ್ತದೆ' ಎಂಬ ಮಾತು ಅರ್ಧ ಜನರಿಗೆ ನಿಜ, ಉಳಿದವರಿಗೆ ಮೋಸ. ಎರಡು ಪಠ್ಯ ಕೊಡಿ:

```js
const bg = 'serviceWorker' in navigator
        && 'SyncManager' in window;
hint.textContent = bg
  ? 'ಸಿಗ್ನಲ್ ಬಂದಾಗ ತಾನೇ ಹೋಗುತ್ತದೆ'
  : 'ಸಿಗ್ನಲ್ ಬಂದಮೇಲೆ ಇದನ್ನು ಮತ್ತೆ ತೆರೆಯಿರಿ';
```

ಕ್ರೋಮ್ ಕೂಡ ಕೊನೆತನಕ ಯತ್ನಿಸುವುದಿಲ್ಲ. ಕೆಲವು ಸಲ ನೋಡಿ ಕೈಬಿಡುತ್ತದೆ, ಆ ಕೊನೆಯ ಯತ್ನದಲ್ಲಿ `event.lastChance` ನಿಜವಾಗಿರುತ್ತದೆ. ಅದೂ ಸೋತರೆ 'ಹೋಗಲಿಲ್ಲ, ಮತ್ತೆ ಕಳಿಸಿ' ಎಂದು ಬರೆಯಲು ಒಂದು ಪಠ್ಯ ತಯಾರಿರಲಿ.

ಬಸವರಾಜ, ಕೊಪ್ಪಳ

ಆಫ್‌ಲೈನ್‌ಗೆ 'ಜಾಲರಹಿತ' ಚೆನ್ನಾಗಿದೆ. ನಮ್ಮ ಹಾಲಿನ ಆ್ಯಪ್‌ನಲ್ಲಿ `navigator.onLine` ನೋಡಿ ಮೇಲೆ ಕೆಂಪು ಪಟ್ಟಿ ತೋರಿಸುತ್ತೇವೆ, ಅಷ್ಟು ಸಾಕು. ಒಂದೇ ತೊಂದರೆ, ಕೆಲವರ ಮನೆಗೆ ಎರಡೆರಡು ಸಲ ಹಾಲು ಹೋಗುತ್ತದೆ. ಜನ ಎರಡು ಸಲ ಒತ್ತುತ್ತಾರೆ, ಏನು ಮಾಡೋಣ.

ಖಾಜಾ, ರಾಯಚೂರು

ಬಸವರಾಜಣ್ಣ, ಕೇಳಿದ್ದು ಆಫ್‌ಲೈನ್‌ಗೆ ಪದ ಅಲ್ಲ. ಆ `onLine` ಕೂಡ ಸಾಲದು. 'ಇಲ್ಲ' ಎಂದರೆ ನಂಬಬಹುದು, 'ಇದೆ' ಎಂದರೆ ನಂಬಬಾರದು. ಟವರ್ ಕಡ್ಡಿ ಕಾಣುತ್ತದೆ, ಡೇಟಾ ಹರಿಯುವುದಿಲ್ಲ, ಆಗಲೂ ಅದು 'ಇದೆ' ಎನ್ನುತ್ತದೆ. ಅಂಗಡಿಯ ಸರ್ವರ್ ಉತ್ತರ ಕೊಟ್ಟರೆ ಮಾತ್ರ 'ಮುಟ್ಟಿದೆ' ಅನ್ನಿ. 500 ಬಂದರೂ `fetch` ದೋಷ ಎಸೆಯುವುದಿಲ್ಲ, `response.ok` ನೋಡಿ ನೀವೇ ಎಸೆಯಬೇಕು. ಇಲ್ಲವಾದರೆ ಕೆಲಸ ಆಯಿತೆಂದು ತಿಳಿದು ಬ್ರೌಸರ್ ಮರುಯತ್ನವನ್ನೇ ಬಿಡುತ್ತದೆ.

ಎರಡು ಸಲ ಹಾಲು ಹೋಗುವುದಕ್ಕೆ ಜನರ ಬೆರಳೇ ಕಾರಣ ಎನ್ನಬೇಡಿ. 25 ಕೆಜಿ ಅಕ್ಕಿಯ ಆರ್ಡರ್ ಹೊರಟು ಸರ್ವರ್‌ಗೆ ಮುಟ್ಟಿತು, ಅಲ್ಲಿ ಬರೆದುಕೊಂಡರು, 'ಸರಿ' ಎಂಬ ಉತ್ತರ ಮರಳುವಾಗ ಸಿಗ್ನಲ್ ಸತ್ತಿತು ಎನ್ನಿ. ಫೋನು ಸೋತೆ ಎಂದುಕೊಂಡು ಮತ್ತೆ ಕಳಿಸುತ್ತದೆ, ಎರಡು ಚೀಲ ಬರುತ್ತವೆ. ಬಟನ್ ಒತ್ತಿದ ಕ್ಷಣವೇ `crypto.randomUUID()` ಇಂದ ಒಂದು ಗುರುತು ಮಾಡಿ ಆರ್ಡರ್ ಜೊತೆಗೇ IndexedDBಯಲ್ಲಿ ಇಡಿ. ಮರುಯತ್ನದಲ್ಲೂ ಅದೇ ಗುರುತು ಹೋಗಬೇಕು. ಸರ್ವರ್ ಆ ಗುರುತನ್ನು ಮೊದಲೇ ಕಂಡಿದ್ದರೆ ಹಳೆಯ ಉತ್ತರವನ್ನೇ ಕೊಡಲಿ. ಪ್ರತಿ ಯತ್ನಕ್ಕೂ ಹೊಸ ಗುರುತು ಹುಟ್ಟಿಸುವ ಕೋಡ್ ಇದ್ದರೆ ಗುರುತು ಇದ್ದೂ ಇಲ್ಲದಂತೆ.

ಶಿಲ್ಪಾ ಅವರೇ, ಈ ಹೊತ್ತಿಗೂ ಒಂದು ಮಾತು ಬೇಕು. 'ಹೋಗಿದೆ', 'ಹೋಗಿಲ್ಲ' ಎರಡೂ ಖಚಿತವಲ್ಲ. ರದ್ದು ಮಾಡುವ ಬಟನ್ ಕೂಡ ಇಲ್ಲಿ ಇರಬಾರದು. ಆರ್ಡರ್ ಒಮ್ಮೆಯೂ ಫೋನು ಬಿಟ್ಟು ಹೊರಡದಿದ್ದರೆ ಮಾತ್ರ ಅಲ್ಲೇ ಅಳಿಸಬಹುದು.

ವೀರೇಶ, ಬಳ್ಳಾರಿ

ಯಂತ್ರದ ಪುರಾಣ ಆಯಿತು, ಭಾಷೆಗೆ ಬನ್ನಿ. 'ಸಿಗ್ನಲ್', 'ಆರ್ಡರ್', 'ಫೋನ್', ಮೂರೂ ಇಂಗ್ಲಿಷ್. ಹೀಗೆ ಬಿಟ್ಟರೆ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯವಷ್ಟೇ ಉಳಿಯುತ್ತದೆ. ಕೊನೆಯ ಸ್ಥಿತಿಗೆ 'ಖಾತ್ರಿಯಾಗಿಲ್ಲ' ಎನ್ನಬಹುದು.

ಶಿಲ್ಪಾ, ಸಿಂಧನೂರು

'ಬೇಡಿಕೆ' ಆಗದು ಸರ್. ಡಿಸಿ ಕಚೇರಿ ಮುಂದೆ ಧರಣಿ ಕೂತವರು ಇಡುವುದು ಬೇಡಿಕೆ, ಎರಡು ಕೆಜಿ ಬೆಲ್ಲಕ್ಕೆ ಯಾರೂ ಬೇಡಿಕೆ ಇಡುವುದಿಲ್ಲ. 'ಫೋನಿನಲ್ಲಿದೆ, ಇನ್ನೂ ಹೋಗಿಲ್ಲ' ಹಾಕುತ್ತೇನೆ, ಐಫೋನಿನ ಸಾಲು ಬೇರೆ. ಉತ್ತರ ಬಾರದ ಹೊತ್ತಿಗೆ 'ಅಂಗಡಿಯನ್ನು ಕೇಳುತ್ತಿದ್ದೇವೆ' ಎಂದರೆ? 'ಖಾತ್ರಿಯಾಗಿಲ್ಲ' ಓದಿದವರು ದುಡ್ಡು ಹೋಯಿತೇನೋ ಎಂದು ಗಾಬರಿಯಾಗುತ್ತಾರೆ.

ಖಾಜಾ, ರಾಯಚೂರು

ಕೇಳಲು ಸಿಗ್ನಲ್ ಇದ್ದರೆ ತಾನೇ ಕೇಳುವುದು? ಬೇರೆ ನೋಡಿ. ವೀರೇಶ ಸರ್, 'ಖಾತ್ರಿ' ಅಚ್ಚಗನ್ನಡವೇ?