ವೈಗೋಟ್ಸ್ಕಿ ಉಪನ್ಯಾಸವನ್ನು ಕೋಷ್ಟಕಕ್ಕಿಳಿಸುವುದು: ಮಾಡಿ ನೋಡಿದವರ ಮಾತು

ಪ್ರಶ್ನೆ: ಬಿ.ಇಡಿ. ಉಪನ್ಯಾಸಕಿ

ವೈಗೋಟ್ಸ್ಕಿ ಕುರಿತ ನನ್ನ ಒಂದು ಗಂಟೆಯ ಉಪನ್ಯಾಸವನ್ನು ‘ಪರಿಕಲ್ಪನೆ – ತರಗತಿಯ ಉದಾಹರಣೆ’ ಎಂಬ ಕೋಷ್ಟಕ ಮಾಡಿ ಪ್ರಶಿಕ್ಷಣಾರ್ಥಿಗಳಿಗೆ ಕೊಡಬೇಕೆಂದಿದ್ದೇನೆ. ಆದರೆ ಉದಾಹರಣೆಯ ಕಾಲಂನಲ್ಲಿ ಎಲ್ಲ ಸಾಲಿಗೂ ‘ಗುಂಪು ಚಟುವಟಿಕೆ’ ಎಂದೇ ಬರುತ್ತಿದೆ. ಮಾಡಿದವರಿದ್ದರೆ ದಾರಿ ತೋರಿಸಿ.

ಡಯಟ್‌ನ ನಿವೃತ್ತ ಉಪನ್ಯಾಸಕರು

ಮೇಡಂ, ಒಂದು ಸಾಲಿಗೆ ವಿಜ್ಞಾನ, ಇನ್ನೊಂದಕ್ಕೆ ಕನ್ನಡ, ಮತ್ತೊಂದಕ್ಕೆ ಆಟದ ಮೈದಾನ ಎಂದು ಹುಡುಕಿಕೊಂಡು ಹೋದರೆ ಹೀಗೇ ಆಗುತ್ತದೆ. ಒಂದೇ ಪಾಠ, ಒಂದೇ ಮಗುವನ್ನು ಹಿಡಿದುಕೊಳ್ಳಿ. ಆಗ ಎರಡು ಸಾಲುಗಳ ನಡುವಿನ ವ್ಯತ್ಯಾಸ ಪರಿಕಲ್ಪನೆಯ ವ್ಯತ್ಯಾಸವೇ ಆಗಿರಬೇಕಾಗುತ್ತದೆ, ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ.

ನಾನು ಹಿಡಿದದ್ದು ದಶಕ ಸಹಿತ ವ್ಯವಕಲನ. 52ರಿಂದ 27 ಕಳೆಯಲು ಹೇಳಿದರೆ ಮಕ್ಕಳು 35 ಎಂದು ಬರೆಯುವುದನ್ನು ನೀವೂ ನೋಡಿರುತ್ತೀರಿ. ಬಿಡಿ ಸ್ಥಾನದಲ್ಲಿ ಎರಡರಿಂದ ಏಳು ಹೋಗದಿದ್ದಾಗ ಏಳರಿಂದ ಎರಡನ್ನು ಕಳೆದುಬಿಡುತ್ತಾರೆ. ಈ ಒಂದು ತಪ್ಪಿನ ಸುತ್ತಲೇ ಉಪನ್ಯಾಸದ ಬಹುಭಾಗ ನಿಲ್ಲುತ್ತದೆ. ಕೋಷ್ಟಕದ ಒಂದು ತುಂಡು ಹೀಗಿತ್ತು:

| ಪರಿಕಲ್ಪನೆ | ಮಗು | ಶಿಕ್ಷಕಿ | ಹೋಲುತ್ತದೆ, ಆದರೆ ಅದಲ್ಲ |
|---|---|---|---|
| ಈಗಿನ ಮಟ್ಟ | 58 − 23 ತಾನೇ ಮಾಡುತ್ತಾಳೆ. 52 − 27ಕ್ಕೆ 35 ಬರೆಯುತ್ತಾಳೆ | ಸುಮ್ಮನೆ ಗಮನಿಸುತ್ತಾರೆ | ಪಕ್ಕದವಳ ಸ್ಲೇಟು ನೋಡಿ 25 ಬರೆದದ್ದು |
| ಸಮೀಪ ವಿಕಾಸ ವಲಯ | ಹತ್ತು ಕಡ್ಡಿಯ ಒಂದು ಕಟ್ಟು ಬಿಚ್ಚಿ 25 ತಲುಪುತ್ತಾಳೆ | “ಎರಡು ಬಿಡಿ ಕಡ್ಡಿಯಲ್ಲಿ ಏಳು ತೆಗೆಯಲು ಆಗುತ್ತದೆಯೇ?” | 403 − 178 ಕೊಟ್ಟಾಗ ಯಾವ ಸುಳಿವಿಗೂ ದಾರಿ ಕಾಣದೆ ಕುಳಿತದ್ದು |
| ಸ್ಕೆಫೋಲ್ಡಿಂಗ್ | ಮೊದಲು ಕಡ್ಡಿ, ಆಮೇಲೆ ಚಿತ್ರ, ಕೊನೆಗೆ ಬರೀ ಅಂಕಿ | ಸುಳಿವನ್ನು ಕಡಿಮೆ ಮಾಡುತ್ತಾ ಬರುತ್ತಾರೆ | ಇಡೀ ಲೆಕ್ಕವನ್ನು ಬೋರ್ಡಿನ ಮೇಲೆ ತಾವೇ ಬಿಡಿಸುವುದು |
| ತನಗೆ ತಾನೇ ಆಡುವ ಮಾತು | “ಏಳು ಹೋಗುವುದಿಲ್ಲ, ಕಟ್ಟು ಬಿಚ್ಚಬೇಕು” ಎಂದು ಗೊಣಗಿಕೊಳ್ಳುತ್ತಾಳೆ | “ಸದ್ದು ಬೇಡ” ಎನ್ನುವುದಿಲ್ಲ | ಗೆಳತಿಗೆ ಹೇಳಿಕೊಡುವುದು |

ಕೊನೆಯ ಕಾಲಂ ತುಂಬಿಸುವುದೇ ಕಷ್ಟ, ಕೆಲಸ ನಡೆಯುವುದೂ ಅಲ್ಲೇ. ಯಾವುದಾದರೂ ಸಾಲಿಗೆ ಅದನ್ನು ಬರೆಯಲು ಆಗದಿದ್ದರೆ ಆ ಪರಿಕಲ್ಪನೆ ನಮಗೇ ತಿಳಿಯಾಗಿಲ್ಲ ಎಂದು ಗೊತ್ತಾಗುತ್ತದೆ. ‘ಗುಂಪು ಚಟುವಟಿಕೆ’ ಏಕೆ ನಿಲ್ಲುವುದಿಲ್ಲ ಎಂದೂ ತಿಳಿಯುತ್ತದೆ: ಅದರಲ್ಲಿ ಮಗು ಏನು ಮಾಡಿತು, ಏನು ಹೇಳಿತು ಎಂಬುದೇ ಇಲ್ಲ.

ಉಪನ್ಯಾಸದಿಂದ ಸಾಲುಗಳನ್ನು ಹೆಕ್ಕುವಾಗ ಪದಗಳನ್ನಲ್ಲ, ಹೇಳಿಕೆಗಳನ್ನು ಗುರುತಿಸಿ. ‘ವೈಗೋಟ್ಸ್ಕಿ 1896ರಲ್ಲಿ ಹುಟ್ಟಿ 1934ರಲ್ಲಿ ತೀರಿಕೊಂಡರು’ ಎಂಬುದಕ್ಕೆ ತರಗತಿಯ ಉದಾಹರಣೆ ಇರುವುದಿಲ್ಲ, ಅದು ಪೀಠಿಕೆಯಲ್ಲೇ ಇರಲಿ. ‘ಇಂದು ನೆರವಿನಿಂದ ಮಾಡುವುದನ್ನು ಮಗು ನಾಳೆ ತಾನೇ ಮಾಡುತ್ತದೆ’ ಎಂಬುದು ಒಂದು ಸಾಲು. ಒಂದು ಗಂಟೆಯ ಉಪನ್ಯಾಸದಲ್ಲಿ ಇಂಥವು ಆರೋ ಏಳೋ ಸಿಗುತ್ತವೆ, ಅಷ್ಟೇ.

ಖಾಸಗಿ ಬಿ.ಇಡಿ. ಕಾಲೇಜಿನ ಉಪನ್ಯಾಸಕ

ನಾಲ್ಕು ಕಾಲಂ ಹೆಚ್ಚಾಯಿತು ಸರ್. ನಮ್ಮ ವಿದ್ಯಾರ್ಥಿಗಳು ಅಷ್ಟನ್ನೂ ಹಾಗೆಯೇ ಉರು ಹೊಡೆದು, 52 − 27 ಬಿಟ್ಟು ಬೇರೆ ಲೆಕ್ಕ ಕೊಟ್ಟರೆ ತಬ್ಬಿಬ್ಬಾಗುತ್ತಾರೆ. ಪದಕ್ಕೊಂದು ಉದಾಹರಣೆ ಸಾಕು, ವೈಗೋಟ್ಸ್ಕಿ ಬಳಸಿದ ಪದಗಳಿಗಷ್ಟೇ: ಸಮೀಪ ವಿಕಾಸ ವಲಯ ಅಂದರೆ ಝಡ್‌ಪಿಡಿ, ಸ್ಕೆಫೋಲ್ಡಿಂಗ್, ಭಾಷೆಯ ಪಾತ್ರ. ಹೆಚ್ಚು ಬಲ್ಲವರ ನೆರವು ಎಂಬುದಕ್ಕೆ ಜಾಣ ಮಗುವಿನ ಪಕ್ಕದಲ್ಲಿ ಹಿಂದುಳಿದ ಮಗುವನ್ನು ಕೂರಿಸುವುದು ಎಂದು ಬರೆದರಾಯಿತು.

ಡಯಟ್‌ನ ನಿವೃತ್ತ ಉಪನ್ಯಾಸಕರು

ಉರು ಹೊಡೆಯುವ ಮಾತು ನಿಜ, ಅದಕ್ಕೆ ನನ್ನಲ್ಲೂ ಪೂರ್ತಿ ಮದ್ದಿಲ್ಲ. ಆದರೆ ಸ್ಕೆಫೋಲ್ಡಿಂಗ್ ವೈಗೋಟ್ಸ್ಕಿಯ ಪದವಲ್ಲ. ಕಲಿಕೆಯ ನೆರವಿಗೆ ಆ ಹೆಸರನ್ನು ನೆಲೆಗೊಳಿಸಿದ್ದು ವುಡ್, ಬ್ರೂನರ್ ಮತ್ತು ರಾಸ್ 1976ರಲ್ಲಿ ಬರೆದ ಲೇಖನ. ಸಾಲು ಇರಲಿ, ಹೆಸರು ಸರಿಯಾದವರ ಕೆಳಗಿರಲಿ.

ಪಕ್ಕದಲ್ಲಿ ಕೂರಿಸುವುದಂತೂ ಕೊನೆಯ ಕಾಲಂಗೆ ಹೇಳಿ ಮಾಡಿಸಿದ ಸಾಲು! ಜಾಣ ಮಗು “ಕಟ್ಟು ಬಿಚ್ಚು” ಎಂದು ಹೇಳಿ ಕಾದರೆ ಅದು ನೆರವು. ಸ್ಲೇಟು ಕಿತ್ತುಕೊಂಡು 25 ಎಂದು ಬರೆದುಕೊಟ್ಟರೆ ಪಕ್ಕದ ಮಗು ಇನ್ನೂ 35ರಲ್ಲೇ ಇರುತ್ತದೆ. ಯಾವುದು ನಡೆಯಿತೆಂದು ತಿಳಿಯಲು ನೆರವು ಕೊಟ್ಟವರನ್ನು ದೂರ ಕೂರಿಸಿ 64 − 38 ಕೊಟ್ಟು ನೋಡಬೇಕು.

ಟಿಇಟಿ ಅಭ್ಯರ್ಥಿ

ಕೋಷ್ಟಕ ಸಿದ್ಧವಾದರೆ ದಯವಿಟ್ಟು ನನಗೂ ಕಳುಹಿಸಿ ಮೇಡಂ, ಪಿಯಾಜೆಯದ್ದೂ ಇದ್ದರೆ ಇನ್ನೂ ಒಳ್ಳೆಯದು. ನನಗೆ ವ್ಯಾಖ್ಯಾನಗಳೆಲ್ಲ ಬಾಯಿಪಾಠ, ಆದರೆ ಪರೀಕ್ಷೆಯಲ್ಲಿ ಒಂದು ಸನ್ನಿವೇಶ ಕೊಟ್ಟು ಇದು ಯಾವ ಪರಿಕಲ್ಪನೆ ಎಂದು ಕೇಳಿದರೆ ಎರಡು ಉತ್ತರಗಳ ನಡುವೆ ಸಿಕ್ಕಿಬೀಳುತ್ತೇನೆ.

ಉಪನ್ಯಾಸಕಿ

ಕೋಷ್ಟಕ ಇನ್ನೂ ಆಗಿಲ್ಲ ತಮ್ಮಾ, ಅದಕ್ಕೇ ಕೇಳುತ್ತಿರುವುದು. ಆದರೆ ನಿನ್ನ ಮಾತಿನಿಂದ ಒಂದು ಉಪಾಯ ಹೊಳೆಯಿತು. ಮೊದಲ ಕಾಲಂ ಮುಚ್ಚಿ, ಮಗುವಿನ ಕಾಲಂ ಮಾತ್ರ ಓದಿಸಿ ಪರಿಕಲ್ಪನೆ ಯಾವುದೆಂದು ಕೇಳಬಹುದು.

ನಲಿ-ಕಲಿ ಶಿಕ್ಷಕಿ

ನಮ್ಮ ಶಾಲೆಗೆ ಬೋಧನಾಭ್ಯಾಸಕ್ಕೆ ಬರುವವರನ್ನು ನೋಡಿ ಹೇಳುತ್ತಿದ್ದೇನೆ. ಕೋಷ್ಟಕದ ಮಗು ಯಾವಾಗಲೂ ಒಬ್ಬಳೇ ಕುಳಿತಿರುತ್ತಾಳೆ. ನನ್ನ ಕೋಣೆಯಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಟ್ಟಿಗೇ ಇರುತ್ತಾರೆ. ಎರಡು ಕಡ್ಡಿಯಲ್ಲಿ ಏಳು ತೆಗೆಯಲಾಗುತ್ತದೆಯೇ ಎಂದು ಒಬ್ಬಳನ್ನು ಕೇಳಿ ಕಾಯುವಷ್ಟರಲ್ಲಿ ಇನ್ನೊಂದು ಗುಂಪಿನ ತಟ್ಟೆಯಲ್ಲಿ ಜಗಳ ಶುರುವಾಗಿರುತ್ತದೆ.

ಆದರೂ ನಲಿ-ಕಲಿಯ ಗುಂಪುಗಳನ್ನೇ ಉದಾಹರಣೆಯಾಗಿ ಬಳಸಬಹುದು ಎನಿಸುತ್ತದೆ. ಶಿಕ್ಷಕರ ಬೆಂಬಲದ ಗುಂಪು, ಭಾಗಶಃ ಶಿಕ್ಷಕರ ಬೆಂಬಲದ್ದು, ಆಮೇಲೆ ಸಹಪಾಠಿಗಳ ಬೆಂಬಲದ್ದು, ಕೊನೆಗೆ ಸ್ವಕಲಿಕೆ. ನೆರವು ಕಡಿಮೆಯಾಗುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ, ಪ್ರಶಿಕ್ಷಣಾರ್ಥಿಗಳು ನೋಡಿಯೂ ಇರುತ್ತಾರೆ.

ಡಯಟ್‌ನ ನಿವೃತ್ತ ಉಪನ್ಯಾಸಕರು

ಚೆನ್ನಾಗಿದೆ, ಒಂದು ಅನುಮಾನದ ಜೊತೆಗೆ. ಮಗು ಆ ತಟ್ಟೆಗೆ ಹೋಗುವುದು ಕಲಿಕಾ ಏಣಿಯ ಮೆಟ್ಟಿಲು ಹೇಳಿದಂತೆ. ಸ್ಕೆಫೋಲ್ಡಿಂಗ್‌ನಲ್ಲಿ ನೆರವು ಕಡಿಮೆಯಾಗುವುದು ಮಗುವಿನ ಆ ಹೊತ್ತಿನ ಉತ್ತರ ನೋಡಿ. ವೈಗೋಟ್ಸ್ಕಿ ಕೊಟ್ಟ ಉದಾಹರಣೆಯನ್ನೇ ನೆನೆಯಿರಿ: ಇಬ್ಬರು ಮಕ್ಕಳೂ ಪರೀಕ್ಷೆಯಲ್ಲಿ ಎಂಟು ವರ್ಷದ ಮಟ್ಟದವರು, ನೆರವು ಕೊಟ್ಟಾಗ ಒಬ್ಬ ಹನ್ನೆರಡರ ಮಟ್ಟದ ಲೆಕ್ಕ ಮಾಡುತ್ತಾನೆ, ಇನ್ನೊಬ್ಬ ಒಂಬತ್ತರದ್ದು. ಏಣಿಯಲ್ಲಿ ಇಬ್ಬರೂ ಒಂದೇ ಮೆಟ್ಟಿಲಿನಲ್ಲಿ ನಿಂತಿರಬಹುದಲ್ಲವೇ?

ನಲಿ-ಕಲಿ ಶಿಕ್ಷಕಿ

ಏಣಿ ಹೇಳಿದ್ದಕ್ಕೇ ನಾವು ಕಣ್ಣು ಮುಚ್ಚಿಕೊಂಡು ನಡೆಯುತ್ತೇವೆ ಎಂದುಕೊಳ್ಳಬೇಡಿ ಸರ್. ಒಂದೇ ತಟ್ಟೆಯಲ್ಲಿ ಒಬ್ಬಳಿಗೆ ಕಡ್ಡಿ ಕೊಟ್ಟು ಇನ್ನೊಬ್ಬಳಿಗೆ ಕೊಡದೇ ಇರುವುದು ದಿನವೂ ನಡೆಯುತ್ತದೆ. ಕಾರ್ಡಿನಲ್ಲಿ ಅದು ಬರೆದಿರುವುದಿಲ್ಲ, ಅಷ್ಟೇ.

ಉಪನ್ಯಾಸಕಿ

ಹಾಗಿದ್ದರೆ ನಲಿ-ಕಲಿ ಗುಂಪುಗಳನ್ನು ಸ್ಕೆಫೋಲ್ಡಿಂಗ್‌ನ ಉದಾಹರಣೆಯಾಗಿಯೂ ‘ಹೋಲುತ್ತದೆ, ಆದರೆ ಅದಲ್ಲ’ ಎಂಬ ಕೊನೆಯ ಕಾಲಂನಲ್ಲೂ ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ. ಬೋಧನಾಭ್ಯಾಸ ಮುಗಿಸಿ ಬಂದವರು ತಾವು ಕಂಡದ್ದನ್ನು ಹೇಳಲಿ. ನಾಲ್ಕೂ ಕಾಲಂ ಇರುತ್ತವೆ. ಮೊದಲ ಮೂರು ಸಾಲುಗಳನ್ನು ನಾನು ತುಂಬಿಸಿ ಕೊಡುತ್ತೇನೆ, ಉಳಿದವಕ್ಕೆ ಹೆಸರು ಮಾತ್ರ ಬರೆದು ಖಾಲಿ ಬಿಡುತ್ತೇನೆ. ಅವರು ತಮ್ಮ ತಮ್ಮ ವಿಷಯದಿಂದ ಒಂದು ಪಾಠ, ಒಂದು ಮಗುವನ್ನು ಆರಿಸಿಕೊಂಡು ತುಂಬಿಸಬೇಕು. ಉರು ಹೊಡೆಯುವುದು ಅಷ್ಟರಮಟ್ಟಿಗಾದರೂ ತಗ್ಗೀತು.

ಖಾಸಗಿ ಬಿ.ಇಡಿ. ಕಾಲೇಜಿನ ಉಪನ್ಯಾಸಕ

ಅದಕ್ಕೆ ನನ್ನ ತಕರಾರಿಲ್ಲ ಮೇಡಂ. ಆದರೆ ಖಾಲಿ ಸಾಲುಗಳನ್ನು ಮನೆಗೆ ಕೊಟ್ಟು ಕಳುಹಿಸಬೇಡಿ, ನಲವತ್ತು ಜನರೂ ಒಂದೇ ಉದಾಹರಣೆ ಬರೆದುಕೊಂಡು ಬರುತ್ತಾರೆ. ತರಗತಿಯಲ್ಲೇ ಇಬ್ಬಿಬ್ಬರಿಗೆ ಒಂದೊಂದು ಸಾಲು ಹಂಚಿ, ಕೊನೆಯ ಕಾಲಂನಿಂದಲೇ ಶುರು ಮಾಡಿಸಿ.